ಮಲೆನಾಡಿನ ಮಳೆಗಾಲ, ನಾಲ್ಕು ತಿಂಗಳ ಮಗು: ಬಟ್ಟೆ ಲಂಗೋಟಿಯೋ ಡೈಪರೋ?

ಆಗುಂಬೆ_ದಾರಿ
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಮಗಳಿಗೆ ಈಗ ನಾಲ್ಕು ತಿಂಗಳು. ಬೇಸಿಗೆಯಲ್ಲಿ ತವರಲ್ಲಿ ಇದ್ದಾಗ ಬಟ್ಟೆ ಲಂಗೋಟಿಯಲ್ಲೇ ನಡೀತಿತ್ತು, ಬೆಳಿಗ್ಗೆ ಒಗೆದರೆ ಮಧ್ಯಾಹ್ನಕ್ಕೆ ಗರಿಗರಿ. ಈಗ ಇಲ್ಲಿಗೆ ಬಂದಿದ್ದೇವೆ, ಮಳೆ ಹಿಡಿದಿದೆ, ಮೂರು ದಿನದ ಹಿಂದೆ ಹಾಕಿದ್ದು ಇನ್ನೂ ತಣ್ಣಗೆ ಇದೆ, ಮುಗ್ಗಲು ವಾಸನೆ ಬೇರೆ. ಯಜಮಾನರು ಡೈಪರ್ ಹಾಕು ಸಾಕು ಅಂತಾರೆ, ಅತ್ತೆ ಅದರಲ್ಲಿ ಕೆಮಿಕಲ್ ಇದೆ, ಕೂಸಿನ ಮೈ ಸುಡುತ್ತೆ ಅಂತಾರೆ. ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಬಟ್ಟೆ ಡೈಪರ್ ನೋಡಿದೆ, ಒಂದೊಂದಕ್ಕೆ ನಾನೂರು ಐನೂರು. ಬೆಂಗಳೂರಿನ ಬಿಸಿಲಿಗೆ ಹೇಳುವ ಸಲಹೆ ಬೇಡ, ದಯವಿಟ್ಟು ಮಳೆಗಾಲದಲ್ಲಿ ಒಗೆದು ಒಣಗಿಸಿದವರು ಹೇಳಿ. ಖರ್ಚಿನ ಲೆಕ್ಕವೂ ಬೇಕು.

ಹಾಸನದಪ್ಪ
ಲೆಕ್ಕ ಸುಲಭ ಮೇಡಂ. ಡೈಪರ್ ಒಂದಕ್ಕೆ 11 ರೂಪಾಯಿ ಅಂತ ಇಟ್ಕೊಳ್ಳಿ, ದಿನಕ್ಕೆ 7, ಅಲ್ಲಿಗೆ 77. ತಿಂಗಳಿಗೆ 2,300 ಆಯ್ತು. ಬಟ್ಟೆ ಒಂದು ಸಲ ತಗೊಂಡರೆ ಮುಗೀತು, ಆಮೇಲೆ ಖರ್ಚು ಸೊನ್ನೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಅಂದ ಹಾಗೆ 2025ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಆದರೂ ದುಬಾರಿಯೇ.

ಪದ್ಮತ್ತೆ
ನಮ್ಮ ಕಾಲದಲ್ಲಿ ಡೈಪರ್ ಎಲ್ಲಿತ್ತು ತಾಯಿ. ಹಳೇ ಕಾಟನ್ ಸೀರೆ, ಯಜಮಾನರ ಹಳೇ ಪಂಚೆ ಹರಿದು ಚೌಕ ಮಾಡಿ ಇಡುತ್ತಿದ್ದೆವು. ಮಳೆಗಾಲದಲ್ಲಿ ಬಚ್ಚಲ ಹಂಡೆ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಅದರ ಮೇಲೆ ಹರವಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತಿತ್ತು. ಸ್ವಲ್ಪ ಹೊಗೆ ವಾಸನೆ ಬರುತ್ತೆ, ಅಷ್ಟೇ. ಹೊಸ ಬಟ್ಟೆ ಮಾತ್ರ ತರಬೇಡ, ಅದು ನೀರೇ ಕುಡಿಯಲ್ಲ. ಕೊನೇ ಜಾಲಿಸುವ ನೀರಿಗೆ ಒಂದು ಮುಚ್ಚಳ ಆಂಟಿಸೆಪ್ಟಿಕ್ ಹಾಕು, ಕ್ರಿಮಿ ಎಲ್ಲ ಹೋಗುತ್ತೆ.

ಸೂಜಿದಾರ_ಉಡುಪಿ
ನಾನು ಮನೆಯಲ್ಲೇ ಬಟ್ಟೆ ನ್ಯಾಪಿ ಹೊಲಿದು ಮಾರುತ್ತೇನೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಜಾಲಿಸಿಯೇ ತಗೊಳ್ಳಿ. ಆದರೆ ಉಡುಪಿಯ ಮಳೆಯಲ್ಲಿ ಒಣಗಿಸಿ ಗೊತ್ತು.

ನಿಮ್ಮ ಸಮಸ್ಯೆ ಬಟ್ಟೆಯೋ ಡೈಪರೋ ಅನ್ನೋದಲ್ಲ, ದಪ್ಪದ್ದು. ಆನ್‌ಲೈನ್‌ನಲ್ಲಿ ನೋಡಿದ ಬಣ್ಣದ ನ್ಯಾಪಿಗಳಲ್ಲಿ ಹಲವು ಪದರ ಸೇರಿಸಿ ಹೊಲಿದ ಪ್ಯಾಡ್ ಇರುತ್ತೆ. ಹೊರಗಿನ ಪದರ ಒಣಗಿದರೂ ಒಳಗೆ ಒದ್ದೆ ಉಳಿಯುತ್ತೆ. ಮುಗ್ಗಲು ವಾಸನೆ ಹುಟ್ಟುವುದು ಅಲ್ಲೇ. ಅದೇ 70 ಸೆಂಟಿಮೀಟರ್‌ನ ತೆಳು ಮಲ್ ಬಟ್ಟೆಯ ಚೌಕ ನೋಡಿ. ಕಟ್ಟುವಾಗ ಮಡಚಿದರೆ ಎಂಟು ಪದರ ಆಗುತ್ತೆ, ಒಗೆದ ಮೇಲೆ ಬಿಡಿಸಿದರೆ ಒಂದೇ ಪದರ. ನಮ್ಮ ಅಜ್ಜಿಯರ ಲಂಗೋಟಿ ಮಳೆಗಾಲದಲ್ಲೂ ನಡೆದದ್ದು ಇದೇ ಕಾರಣಕ್ಕೆ. ಒಲೆ ಅರ್ಧ ಕೆಲಸ ಮಾಡಿತು, ಬಟ್ಟೆ ತೆಳ್ಳಗಿದ್ದದ್ದು ಇನ್ನರ್ಧ.

ಪದ್ಮತ್ತೆ ಹೊಸ ಬಟ್ಟೆ ಬಗ್ಗೆ ಹೇಳಿದ್ದು ಸರಿ. ಹತ್ತಿಯ ನೂಲಿನಲ್ಲಿ ಸಹಜವಾಗಿ ಮೇಣದ ಅಂಶ ಇರುತ್ತೆ, ಮೇಲೆ ಮಗ್ಗದ ಗಂಜಿ ಬೇರೆ. ಹೊಸ ಮಲ್ ಮೇಲೆ ನೀರು ಹಾಕಿ ನೋಡಿ, ಹನಿ ಹಾಗೇ ಉರುಳುತ್ತೆ. ಬಿಸಿನೀರು ಸೋಪಿನಲ್ಲಿ ನಾಲ್ಕೈದು ಸಲ ಒಗೆದ ಮೇಲೆ ಹನಿ ಬಿದ್ದ ತಕ್ಷಣ ಒಳಗೆ ಹೋಗುತ್ತೆ, ಆಗ ಬಳಸಬಹುದು.

ಇನ್ನು ಪ್ಯಾಡ್ ಒಳಗಿನ ಬಟ್ಟೆ ವಿಷಯ. ಮೈಕ್ರೋಫೈಬರ್ ಅಂದರೆ ಕಾರ್ ಒರೆಸುವ ಬಟ್ಟೆಯ ಜಾತಿ, ಪಾಲಿಯೆಸ್ಟರ್. ಬೇಗ ಹೀರುತ್ತೆ, ಬೇಗ ಒಣಗುತ್ತೆ, ಅಗ್ಗ. ಆದರೆ ನೀರು ಎಳೆಗಳ ಒಳಗೆ ಹೋಗಲ್ಲ, ಸಂದಿಯಲ್ಲಿ ನಿಂತಿರುತ್ತೆ. ಮಗು ಕೂತಿತೋ, ತೊಡೆ ಒತ್ತಿತೋ, ಹಿಂಡಿದ ಹಾಗೆ ಹೊರಗೆ ಬರುತ್ತೆ. ಅದನ್ನು ನೇರ ಚರ್ಮಕ್ಕೆ ತಾಗಿಸಲೂ ಬಾರದು, ಚರ್ಮವನ್ನು ಒಣಕಲು ಮಾಡುತ್ತೆ. ಬಿದಿರು ಅಂತ ಮಾರುವುದು ಬಿದಿರಿನ ತಿರುಳಿಂದ ಮಾಡಿದ ವಿಸ್ಕೋಸ್, ಮೆತ್ತಗೆ, ಹತ್ತಿಗಿಂತ ಜಾಸ್ತಿ ಹಿಡಿಯುತ್ತೆ. ಎಳೆಯೇ ನೀರು ಕುಡಿದು ಉಬ್ಬುವುದರಿಂದ ಒಣಗುವುದು ನಿಧಾನ. ನಿಮ್ಮೂರಲ್ಲಿ ಜುಲೈನಲ್ಲಿ ಬಿದಿರಿನ ಪ್ಯಾಡ್ ಒಣಗಿಸುವುದು ಮರೆತುಬಿಡಿ.

ಹಾಸನದಪ್ಪ
ಇಷ್ಟು ಹೇಳಿದಿರಿ, ಡೈಪರ್ ಒಳಗಿನ ಜೆಲ್ ಬಗ್ಗೆ ಹೇಳಲಿಲ್ಲ. ಅದು ತನ್ನ ತೂಕದ ಮುನ್ನೂರು ಪಟ್ಟು ನೀರು ಹಿಡಿಯುತ್ತೆ. ಬಟ್ಟೆ ಅದರ ಹತ್ತಿರಕ್ಕೂ ಬರಲ್ಲ. ಅದಕ್ಕೇ ಅದು ಮೈಯ ನೀರನ್ನೂ ಎಳೆದುಕೊಂಡು ಚರ್ಮ ಸುಡುತ್ತೆ ಅಂತ ಓದಿದ್ದೆ.

ಸೂಜಿದಾರ_ಉಡುಪಿ
ಅರ್ಧ ಸರಿ ಸರ್. ಅದು ಸೋಡಿಯಂ ಪಾಲಿಅಕ್ರಿಲೇಟ್. ಉಪ್ಪಿಲ್ಲದ ಶುದ್ಧ ನೀರಾದರೆ ನೂರಾರು ಪಟ್ಟು ಹಿಡಿಯುತ್ತೆ, ಜಾಹೀರಾತಿನ ನೀಲಿ ನೀರು ನೆನಪಿದೆ ಅಲ್ವಾ. ಆದರೆ ಉಚ್ಚೆಯಲ್ಲಿ ಉಪ್ಪಿದೆ, ಉಪ್ಪು ಸೇರಿದರೆ ಆ ಶಕ್ತಿ ಸುಮಾರು ಮೂವತ್ತು ಪಟ್ಟಿಗೆ ಇಳಿಯುತ್ತೆ. ಬೇಕಾದರೆ ನೋಡಿ: ಹೊಸ ಡೈಪರ್ ಕತ್ತರಿಸಿ ಪುಡಿಯನ್ನು ಲೋಟಕ್ಕೆ ಉದುರಿಸಿ ನೀರು ಹಾಕಿ, ಸಾಬೂದಾನಿ ಥರ ಉಬ್ಬುತ್ತೆ. ಮೇಲಿಂದ ಎರಡು ಚಮಚ ಉಪ್ಪು ಹಾಕಿ ಕಲಸಿ, ಇಳಿದು ನೀರು ಬಿಡುತ್ತೆ. ಹಾಗಿದ್ದೂ ಮೂವತ್ತು ಪಟ್ಟು ಕಡಿಮೆ ಏನಲ್ಲ, ಒತ್ತಿದರೂ ವಾಪಸ್ ಬಿಡಲ್ಲ ಅನ್ನೋದೇ ಅದರ ನಿಜವಾದ ಗುಣ. ಚರ್ಮದ ನೀರು ಎಳೆಯುತ್ತೆ ಅನ್ನೋದು ಮಾತ್ರ ಸರಿಯಲ್ಲ, ಜೆಲ್ ಇರುವುದು ಎರಡು ಮೂರು ಪದರದ ಒಳಗೆ. ಚರ್ಮಕ್ಕೆ ತಾಗುವುದು ಮೇಲಿನ ಪಾಲಿಪ್ರೊಪಿಲೀನ್ ಪದರ.

ಮತ್ತೆ, "ಆಮೇಲೆ ಖರ್ಚು ಸೊನ್ನೆ" ಅಂದಿರಲ್ಲ, ಮನೆಯಲ್ಲಿ ಒಗೆಯುವವರು ಯಾರು ಸರ್?

ಹಾಸನದಪ್ಪ
😄 ಒಪ್ಪಿದೆ. ನಮ್ಮನೇಲಿ ಅಮ್ಮ.

ಬಿಳಿಸೀರೆ_ಸಿಸ್ಟರ್
ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದ್ದೇನೆ. ಚರ್ಮದ ಬಗ್ಗೆ ಮಾತ್ರ ಹೇಳುತ್ತೇನೆ, ಬಟ್ಟೆಯವರಿಗೆ ಬೇಜಾರಾಗಬಹುದು.

ಮೈ ಒಣಗಿರಬೇಕು ಅನ್ನುವ ಒಂದು ವಿಷಯದಲ್ಲಿ ಜೆಲ್ ಡೈಪರೇ ಮುಂದೆ. ಬಟ್ಟೆ ಒಂದು ಸಲ ಒದ್ದೆಯಾದರೆ ಒದ್ದೆಯೇ. ಹಾಗಾದರೆ ಡೈಪರ್ ಹಾಕಿದ ಮಕ್ಕಳಿಗೆ ಯಾಕೆ ಕೆಂಪಾಗುತ್ತೆ? ಒಣಗಿದಂತೆ ಕಾಣುತ್ತೆ ಅಂತ ಐದಾರು ಗಂಟೆ ಬಿಡುತ್ತಾರೆ, ಮಧ್ಯದಲ್ಲಿ ಮಗು ಸ್ವಲ್ಪ ಕಕ್ಕ ಮಾಡಿದ್ದು ಗೊತ್ತೇ ಆಗಿರಲ್ಲ. ಕಕ್ಕದಲ್ಲಿ ಆಹಾರ ಕರಗಿಸುವ ರಸಗಳಿರುತ್ತವೆ. ಅದರ ಜೊತೆ ಉಚ್ಚೆ ಸೇರಿ ಅಮೋನಿಯಾ ಆಯಿತೆಂದರೆ ಆ ರಸ ಇನ್ನೂ ಚುರುಕಾಗುತ್ತೆ, ಚರ್ಮದ ಮೇಲ್ಪದರ ತಿನ್ನುತ್ತೆ. ಬರೀ ಉಚ್ಚೆಗೆ ಇಷ್ಟು ಆಗಲ್ಲ. ಹಾಗಾಗಿ ಯಾವುದೇ ಆಗಲಿ, ಕಕ್ಕ ಆದ ತಕ್ಷಣ ಬದಲಿಸಿ, ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ.

ಕೆಂಪಾದದ್ದು ಯಾವ ಥರ ಅಂತ ನೋಡಿ. ಉಬ್ಬಿದ ಜಾಗ ಕೆಂಪಾಗಿ ತೊಡೆಸಂದಿ ಚೆನ್ನಾಗಿದ್ದರೆ ಅದು ಒದ್ದೆಯಿಂದ, ಉಜ್ಜಾಟದಿಂದ ಆದದ್ದು. ತೊಡೆಸಂದಿಯ ಮಡಿಕೆಯೊಳಗೇ ಕೆಂಪು, ಸುತ್ತ ಚುಕ್ಕಿ ಚುಕ್ಕಿ ಗುಳ್ಳೆ ಇದ್ದರೆ ಫಂಗಸ್ ಇರಬಹುದು. ಅದಕ್ಕೆ ಜಿಂಕ್ ಮುಲಾಮು ಸಾಲದು, ಡಾಕ್ಟರಿಗೆ ತೋರಿಸಿ.

ಪದ್ಮತ್ತೆ ಕ್ಷಮಿಸಿ, ಆಂಟಿಸೆಪ್ಟಿಕ್ ಹಾಕಿ ಹಾಗೇ ಒಣಗಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಅದು ಬಟ್ಟೆಯಲ್ಲಿ ಉಳಿಯುತ್ತೆ, ಮತ್ತೆ ಒದ್ದೆಯಾದಾಗ ಕೂಸಿನ ಮೈಗೆ ತಾಗುತ್ತೆ. ಎಷ್ಟೋ ಸಲ "ಬಟ್ಟೆ ಕಟ್ಟಿದರೂ ಕೆಂಪಾಗುತ್ತೆ" ಅಂತ ಬಂದವರ ಮನೇಲಿ ಇದೇ ಕಾರಣ. ಟಾಲ್ಕಂ ಪೌಡರೂ ಬೇಡ, ಮಗು ಉಸಿರಲ್ಲಿ ಎಳೆದುಕೊಳ್ಳುತ್ತೆ.

ಪದ್ಮತ್ತೆ
ನನ್ನ ನಾಲ್ಕು ಮಕ್ಕಳಿಗೂ ಏನೂ ಆಗಲಿಲ್ಲಮ್ಮ. ಆದರೂ ನೀನು ಸಿಸ್ಟರ್, ಹೇಳಿದ್ದು ಕೇಳುತ್ತೇನೆ.

ಕೊಪ್ಪದ_ರಾಘು
ಒಳ್ಳೆ ಚರ್ಚೆ. ನನ್ನ ಅಪ್ಪನಿಗೆ 82, ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಒಂದು ಡೈಪರ್ ಸಾಲುತ್ತಿಲ್ಲ, ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ. ಬಟ್ಟೆ ಲಂಗೋಟಿ ಸೇರಿಸಿ ಹಾಕಬಹುದಾ?

ಬಿಳಿಸೀರೆ_ಸಿಸ್ಟರ್
ರಾಘು ಅವರೇ, ಇದು ಮಕ್ಕಳ ವಿಷಯ, ಆದರೂ ಹೇಳುತ್ತೇನೆ. ಡೈಪರ್ ಒಳಗೆ ಪ್ಲಾಸ್ಟಿಕ್ ತಳವಿಲ್ಲದ ಪ್ಯಾಡ್ ಇಡಬಹುದು. ತಳದಲ್ಲಿ ಪ್ಲಾಸ್ಟಿಕ್ ಇರುವ ಪ್ಯಾಡ್ ಇಟ್ಟರೆ ಅದು ತುಂಬಿ ಪಕ್ಕಕ್ಕೆ ಹರಿಯುತ್ತೆ, ಕೆಳಗಿನದು ಒಣಗಿಯೇ ಇರುತ್ತೆ. ಅದಕ್ಕಿಂತ ಮುಖ್ಯ, ರಾತ್ರಿ ಒಂದು ಸಲ ಮಗ್ಗುಲು ಬದಲಿಸುವಾಗ ಡೈಪರೂ ಬದಲಿಸಿ. ಬೆನ್ನು, ಸೊಂಟದ ಹತ್ತಿರ ಕೆಂಪಾಗಿ ಒತ್ತಿದರೂ ಬಿಳಿಯಾಗದಿದ್ದರೆ ತಡ ಮಾಡಬೇಡಿ, ಅದು ಹಾಸಿಗೆ ಹುಣ್ಣಿನ ಶುರು.

ಆಗುಂಬೆ_ದಾರಿ
ಎಲ್ಲರಿಗೂ ಥ್ಯಾಂಕ್ಸ್. ಸೂಜಿದಾರ ಅಕ್ಕ, ತೆಳು ಚೌಕ ಅರ್ಥವಾಯಿತು. ಆದರೆ ನಮ್ಮಲ್ಲಿ ಹಂಡೆ ಒಲೆ ಈಗ ಇಲ್ಲ, ಸೋಲಾರ್ ಮತ್ತು ಗೀಸರ್. ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕಿದರೂ ಒಣಗುತ್ತಿಲ್ಲ. ಎಷ್ಟು ಚೌಕ ಬೇಕು, ಹೇಗೆ ಒಣಗಿಸುವುದು?

ಸೂಜಿದಾರ_ಉಡುಪಿ
ಎಷ್ಟು ಬೇಕು ಅನ್ನೋದಕ್ಕೆ ನಮ್ಮಲ್ಲಿ ಒಂದು ಲೆಕ್ಕ ಇದೆ. ಒಣಗಲು ಎಷ್ಟು ದಿನ ಬೇಕೋ ಅದಕ್ಕೆ ಒಂದು ಸೇರಿಸಿ, ದಿನಕ್ಕೆ ಬೇಕಾದ ಸಂಖ್ಯೆಯಿಂದ ಗುಣಿಸಿ. ಹಗಲಿಗೆ 8 ಬೇಕು, ಒಣಗಲು ಎರಡು ದಿನ ಅಂದರೆ 8 ಗುಣಿಸು 3, ಅಂದರೆ 24. ಮೂರು ದಿನ ಆದರೆ 32. ನೀವು ಒಣಗುವ ಸಮಯವನ್ನು ಒಂದು ದಿನಕ್ಕೆ ಇಳಿಸಿದರೆ 16 ಸಾಕು. ಆದ್ದರಿಂದ ದುಡ್ಡು ಹಾಕುವುದಾದರೆ ಬಟ್ಟೆಗಿಂತ ಮೊದಲು ಒಣಗಿಸುವ ಕಡೆ ಹಾಕಿ.

ಅದರಲ್ಲೂ ಮೊದಲು ಬೇಕಾದದ್ದು ಸ್ಪಿನ್ನರ್. ಕೈಯಲ್ಲಿ ಹಿಂಡಿದ ಹತ್ತಿಬಟ್ಟೆಯಲ್ಲಿ ಸುಮಾರು ಅದರ ತೂಕದಷ್ಟೇ ನೀರು ಉಳಿದಿರುತ್ತೆ. ಸೆಮಿ ಆಟೋಮ್ಯಾಟಿಕ್ ಮಷಿನ್‌ನ ಸ್ಪಿನ್ ಡಬ್ಬದಲ್ಲಿ ಎರಡು ಸಲ ಬಿಟ್ಟರೆ ಅದು ಅರ್ಧದ ಹತ್ತಿರಕ್ಕೆ ಬರುತ್ತೆ. ಗಾಳಿ ಒಯ್ಯಬೇಕಾದ ನೀರೇ ಅರ್ಧ ಆದ ಹಾಗೆ. ಇದನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಬಹುದು. ಒಣ ಚೌಕ 50 ಗ್ರಾಂ ಇದ್ದು ಸ್ಪಿನ್ ಆದ ಮೇಲೆ 75 ತೂಗಿದರೆ ಒಳಗೆ 25 ಮಿಲಿ ನೀರು. 100 ತೂಗಿದರೆ ಸ್ಪಿನ್ ಸರಿಯಾಗಿಲ್ಲ, ಬಟ್ಟೆ ಒಂದೇ ಕಡೆ ಮುದ್ದೆಯಾಗಿದೆ.

ಎರಡನೆಯದು, ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಅದೇ ಒದ್ದೆ ಗಾಳಿ ಸುತ್ತುತ್ತಾ ಇರುತ್ತೆ, ಎಲ್ಲಿಗೆ ಹೋಗಬೇಕು ಅದು? ನಿಮ್ಮ ಫ್ಯಾನ್ ಸೋತದ್ದು ಇಲ್ಲೇ. ಗಾಳಿ ಹೊರಗೆ ಹೋಗುವ ಎಕ್ಸಾಸ್ಟ್ ಇರುವ ಬಚ್ಚಲಲ್ಲೋ ಅಡುಗೆಮನೆ ಪಕ್ಕದಲ್ಲೋ ಕಟ್ಟಿ. ಫ್ರಿಜ್ ಹಿಂದಿನ ಬಿಸಿ ಗಾಳಿ ಬರುವ ಕಡೆ ಹಗ್ಗ ಕಟ್ಟುವವರೂ ಇದ್ದಾರೆ, ಫ್ರಿಜ್‌ನ ಗಾಳಿದಾರಿ ಮುಚ್ಚದಂತೆ ದೂರ ಬಿಟ್ಟು.

ಕೊನೆಗೆ ಇಸ್ತ್ರಿ. ಮುಕ್ಕಾಲು ಒಣಗಿದ ಚೌಕಕ್ಕೆ ಇಸ್ತ್ರಿ ಹಾಕಿದರೆ ಉಳಿದ ನೀರು ಹಬೆಯಾಗಿ ಹೋಗುತ್ತೆ, ಮುಗ್ಗಲೂ ಹಿಡಿಯಲ್ಲ. ವಿದ್ಯುತ್ ತುಂಬಾ ಬೇಕಾಗುತ್ತೆ ಅಂದುಕೊಳ್ಳಬೇಡಿ, 25 ಮಿಲಿ ನೀರು ಆವಿಯಾಗಲು ಬೇಕಾದ ಶಕ್ತಿ ಅಷ್ಟೇನಲ್ಲ. ಇಸ್ತ್ರಿಯ ಬಿಸಿ ಸುತ್ತ ಹಾಳಾಗುವುದನ್ನೂ ಸೇರಿಸಿ ಹದಿನೈದು ಚೌಕಕ್ಕೆ ಒಂದು ಯೂನಿಟ್ ಒಳಗೇ ಮುಗಿಯುತ್ತೆ. ಆದರೆ ಚೌಕದ ಮೇಲೆ ಹಾಕುವ ವಾಟರ್‌ಪ್ರೂಫ್ ಕವರಿಗೆ ಇಸ್ತ್ರಿ ತಾಗಿಸಬೇಡಿ, ಒಳಗಿನ ಲೇಪನ ಕಿತ್ತು ಬರುತ್ತೆ.

ಮ್ಯಾಂಚೆಸ್ಟರ್_ಗೌಡ್ರು
ಇಲ್ಲಿ ನಮಗೂ ವರ್ಷದ ಅರ್ಧ ಮಳೆ. ಇಲ್ಲಿನ ಕೆಲವು ಕೌನ್ಸಿಲ್‌ಗಳು ಬಟ್ಟೆ ನ್ಯಾಪಿಗೆ ವೋಚರ್ ಕೊಡುತ್ತವೆ. ಆದರೆ ಒಂದು ವಿಷಯ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಲೆಕ್ಕ ಹಾಕಿದಾಗ ಎರಡೂವರೆ ವರ್ಷಕ್ಕೆ ಡೈಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ, ಸರಾಸರಿ ಬಟ್ಟೆಯಿಂದ ಸುಮಾರು 570. ಅಂದರೆ ಹೆಚ್ಚುಕಡಿಮೆ ಒಂದೇ! ಮಷಿನ್ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಮಾತ್ರ ಬಟ್ಟೆ 200 ಕಿಲೋ ಉಳಿಸುತ್ತೆ. ಡ್ರೈಯರ್ ಹಾಕಿದರೆ ಆ ಲಾಭವೆಲ್ಲ ಹೋಯಿತು. ನಾನು ಡ್ರೈಯರ್ ಹಾಕುತ್ತಿದ್ದೆ, ಹಾಗಾಗಿ ಪರಿಸರದ ಹೆಸರಲ್ಲಿ ಜಂಬ ಕೊಚ್ಚಿಕೊಳ್ಳಲ್ಲ.

ಆಗುಂಬೆ_ದಾರಿ
ನಮಗೆ ಪರಿಸರ ಅಂದರೆ ಮನೆ ಹಿಂದಿನ ಗುಂಡಿ ಗೌಡ್ರೇ. ಇಲ್ಲಿ ಕಸದ ಗಾಡಿ ಬರಲ್ಲ. ಪಕ್ಕದ ಮನೆಯವರು ಡೈಪರ್ ಸುಟ್ಟು ನೋಡಿದರು, ನೀರು ಕುಡಿದ ಜೆಲ್ ಉರಿಯಲಿಲ್ಲ, ಹೊಗೆ ಮಾತ್ರ. ತೋಟದಲ್ಲಿ ಹೂತರೆ ನಾಯಿ ಎಳೆದು ತರುತ್ತೆ.

ಜಯನಗರ_ವಿದ್ಯಾ
ಬೆಂಗಳೂರಲ್ಲಿ ಪೇಪರಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. 2016ರ ಘನತ್ಯಾಜ್ಯ ನಿಯಮದಲ್ಲೇ ಡೈಪರನ್ನು ಸುತ್ತಿ ಕೊಡಬೇಕು, ಸುತ್ತುವ ಚೀಲ ತಯಾರಕರೇ ಕೊಡಬೇಕು ಅಂತ ಇತ್ತು. ಕಕ್ಕ ಮೊದಲು ಟಾಯ್ಲೆಟ್‌ಗೆ ಹಾಕಿ ಸುತ್ತಿ. ಹಳ್ಳಿಯಲ್ಲಿ ಏನು ಮಾಡುತ್ತಾರೆ ಅಂತ ನನಗೂ ಗೊತ್ತಿಲ್ಲ. ಪಂಚಾಯ್ತಿಯಲ್ಲಿ ಕೇಳಿ.

ಆಗುಂಬೆ_ದಾರಿ
ಕೇಳಿದೆ. ನೋಡೋಣ ಅಂದರು.

ಸೂಜಿದಾರ_ಉಡುಪಿ
ಹಾಗಾದರೆ ನಿಮ್ಮ ಮನೆಗೇ ಹೊಂದುವ ಲೆಕ್ಕ ಹಾಕೋಣ. ಹಗಲು ಬಟ್ಟೆ, ರಾತ್ರಿ ಒಂದು ಡೈಪರ್, ಊರಿಗೆ ಹೋಗುವ ದಿನ ಇನ್ನೊಂದೆರಡು. ಸರಾಸರಿ ದಿನಕ್ಕೆ ಒಂದೂವರೆ ಅಂತಿಟ್ಟರೆ 11 ರೂಪಾಯಿ ದರದಲ್ಲಿ ತಿಂಗಳಿಗೆ 500 ಚಿಲ್ಲರೆ. ಎಸೆಯಬೇಕಾದದ್ದೂ ತಿಂಗಳಿಗೆ 210ರ ಬದಲು 45 ಆಯಿತು, ಗುಂಡಿಯ ತಲೆನೋವು ಪೂರ್ತಿ ಹೋಗದಿದ್ದರೂ ಐದನೇ ಒಂದು ಭಾಗಕ್ಕೆ ಇಳಿಯಿತು.

ಮಲ್ ಬಟ್ಟೆ ಮೀಟರಿಗೆ 70 ಅಂದರೆ ಚೌಕ ಒಂದಕ್ಕೆ 50 ರೂಪಾಯಿ ಒಳಗೆ ಬೀಳುತ್ತೆ, ಅಂಚು ಮನೆಯಲ್ಲೇ ಹೊಲಿಯಿರಿ. ಮೂವತ್ತಕ್ಕೆ 1,500. ವಾಟರ್‌ಪ್ರೂಫ್ ಕವರ್ ನಾಲ್ಕು, 350ರಂತೆ 1,400. ಕವರ್ ಪ್ರತಿ ಸಲ ಒಗೆಯಬೇಕಿಲ್ಲ, ಕಕ್ಕ ತಾಗದಿದ್ದರೆ ಒರೆಸಿ ಗಾಳಿಗಿಟ್ಟು ಮತ್ತೆ ಹಾಕಬಹುದು. ಒಟ್ಟು 2,900. ಸೋಪು, ವಿದ್ಯುತ್, ಇಸ್ತ್ರಿ ಎಲ್ಲ ಸೇರಿ ದಿನಕ್ಕೆ ಹತ್ತು ರೂಪಾಯಿ ಅಂದರೆ ತಿಂಗಳಿಗೆ 300. ಗೃಹಜ್ಯೋತಿಯ ಮಿತಿಯೊಳಗೆ ಇದ್ದರೆ ಇನ್ನೂ ಕಡಿಮೆ. ಅಂದರೆ ತಿಂಗಳ ಖರ್ಚು 800, ಪೂರ್ತಿ ಡೈಪರ್ ಆದರೆ 2,300. ಉಳಿತಾಯ 1,500, ಹಾಕಿದ ದುಡ್ಡು ಎರಡು ತಿಂಗಳಲ್ಲಿ ವಾಪಸ್. ಅದೇ 450ರ ಬಣ್ಣದ ನ್ಯಾಪಿ 24 ತಗೊಂಡರೆ 10,800 ಆಯಿತು, ಅದು ವಾಪಸ್ ಬರಲು ಏಳು ತಿಂಗಳು. ನಾನೇ ಹೊಲಿದು ಮಾರುವವಳು, ಆದರೂ ನಿಮ್ಮೂರಿಗೆ ಅದು ಬೇಡ ಅಂತೀನಿ.

ಹಾಸನದಪ್ಪ
ರಾತ್ರಿಗೂ ದಪ್ಪ ಬಟ್ಟೆ ಕಟ್ಟಿದರೆ ಆ 500 ಕೂಡ ಉಳಿಯುತ್ತೆ ಅಲ್ವಾ?

ಬಿಳಿಸೀರೆ_ಸಿಸ್ಟರ್
ಉಳಿಯುತ್ತೆ, ಆದರೆ ನಿಮ್ಮ ನಿದ್ದೆ ಉಳಿಯಲ್ಲ ಸರ್. ಮಗು ರಾತ್ರಿ ಎರಡು ಮೂರು ಸಲ ಒದ್ದೆ ಮಾಡಿದರೆ ಪ್ರತಿ ಸಲ ಬದಲಿಸಬೇಕು. ಬದಲಿಸದೆ ವಾಟರ್‌ಪ್ರೂಫ್ ಕವರ್ ಒಳಗೆ ಬೆಳಗಿನವರೆಗೆ ಬಿಟ್ಟರೆ ಚರ್ಮಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ. ರಾತ್ರಿ ಡೈಪರ್ ಹಾಕುವುದಕ್ಕೆ ನನ್ನದೂ ಒಪ್ಪಿಗೆ.

ಸೂಜಿದಾರ_ಉಡುಪಿ
ಇದಕ್ಕೆ ನಾನು ಒಪ್ಪಲ್ಲ ಸಿಸ್ಟರ್. ಚರ್ಮಕ್ಕೆ ತಾಗುವ ಕಡೆ ತೆಳು ಮೈಕ್ರೋಫ್ಲೀಸ್ ತುಂಡು ಇಟ್ಟರೆ ನೀರು ಕೆಳಗೆ ಇಳಿಯುತ್ತೆ, ಮೇಲೆ ಒಣಗಿದ ಹಾಗಿರುತ್ತೆ. ನನ್ನ ಇಬ್ಬರು ಮಕ್ಕಳೂ ಹಾಗೇ ರಾತ್ರಿ ಕಳೆದವರು.

ಬಿಳಿಸೀರೆ_ಸಿಸ್ಟರ್
ಕೆಲವು ಮಕ್ಕಳಿಗೆ ಆಗುತ್ತೆ, ಕೆಲವಕ್ಕೆ ಆಗಲ್ಲ. ಕೈಗೆ ಒಣಗಿದ ಹಾಗೆ ಅನ್ನಿಸುವುದಕ್ಕೂ ಚರ್ಮದ ಹತ್ತಿರ ತೇವ ಇಲ್ಲದಿರುವುದಕ್ಕೂ ವ್ಯತ್ಯಾಸ ಇದೆ. ಒಮ್ಮೆ ಕೆಂಪಾದ ಮಗುವಿಗೆ ಮಾತ್ರ ಈ ಪ್ರಯೋಗ ಬೇಡ.

ಜಯನಗರ_ವಿದ್ಯಾ
ನನ್ನದೊಂದು ಪ್ರಶ್ನೆ. ನಮ್ಮದು ಬೋರ್‌ವೆಲ್ ನೀರು. ಎರಡು ತಿಂಗಳಿಂದ ನ್ಯಾಪಿ ಒದ್ದೆಯಾದ ತಕ್ಷಣ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ಹೀರುವುದೂ ಕಡಿಮೆಯಾಗಿದೆ. ಮೆತ್ತಗಿರಲಿ ಅಂತ ಕಂಡಿಷನರ್ ಹಾಕುತ್ತೇನೆ.

ಸೂಜಿದಾರ_ಉಡುಪಿ
ಮೊದಲು ಕಂಡಿಷನರ್ ನಿಲ್ಲಿಸಿ. ಅದು ಎಳೆಯ ಮೇಲೆ ಕೊಬ್ಬಿನಂಥ ಪದರ ಬಿಡುತ್ತೆ, ನೀರು ಒಳಗೆ ಹೋಗಲ್ಲ. ಕೊಬ್ಬರಿ ಎಣ್ಣೆ, ಜಿಂಕ್ ಮುಲಾಮು ಕೂಡ ಹಾಗೇ, ಅವು ಹಚ್ಚಿದ ದಿನ ಮೇಲೊಂದು ಹಳೇ ಬಟ್ಟೆ ತುಂಡು ಇಡಿ. ಗಡಸು ನೀರಲ್ಲಿ ಸೋಪು ಸರಿಯಾಗಿ ಕೆಲಸ ಮಾಡದೆ ಎಳೆಯಲ್ಲೇ ಕೂರುತ್ತೆ, ಹಿಂದಿನ ಉಚ್ಚೆಯ ಅಂಶವೂ ಅಲ್ಲೇ ಉಳಿಯುತ್ತೆ. ಸೋಪು ಹಾಕದೆ ಬರೀ ಬಿಸಿನೀರಲ್ಲಿ ಒಂದು ಸುತ್ತು ಬಿಟ್ಟು ನೋಡಿ. ನೊರೆ ಬಂತೆಂದರೆ ಹಳೇ ಸೋಪು ಉಳಿದಿದೆ ಅಂತ ಅರ್ಥ. ನೊರೆ ನಿಲ್ಲುವವರೆಗೆ ಜಾಲಿಸಿ, ಆಮೇಲೆ 60 ಡಿಗ್ರಿಯಲ್ಲಿ ಸೋಪು ಹಾಕಿ ಸರಿಯಾಗಿ ಒಗೆಯಿರಿ. ವಾಸನೆಗೆ ಹೆದರಿ ಸೋಪು ಕಡಿಮೆ ಮಾಡುವವರೇ ಜಾಸ್ತಿ, ಅದು ಇನ್ನೂ ಕೆಡಿಸುತ್ತೆ.

ಜಯನಗರ_ವಿದ್ಯಾ
ನೊರೆ ಬಂತು! ನಾಲ್ಕನೇ ಸುತ್ತಿಗೂ ಸ್ವಲ್ಪ ಇದೆ. ಮಳೆನೀರಲ್ಲಿ ಜಾಲಿಸಿದರೆ ಆಗುತ್ತಾ?

ಸೂಜಿದಾರ_ಉಡುಪಿ
ಖಂಡಿತ. ಮಳೆನೀರಲ್ಲಿ ಗಡಸಿರಲ್ಲ, ಚಾವಣಿ ಕೊಳೆ ಹೋದ ಮೇಲಿನ ನೀರು ಹಿಡಿಯಿರಿ.

ಪದ್ಮತ್ತೆ
ಎಲ್ಲ ಸರಿ, ಆ ಹಂಡೆ ಒಲೆ ಕೆಡವಿದ್ದು ಯಾಕೆ ತಾಯಿ? ಒಂದು ಒಲೆ ಇದ್ದಿದ್ದರೆ ಇಷ್ಟು ಲೆಕ್ಕ ಬೇಕಿರಲಿಲ್ಲ.

ಆಗುಂಬೆ_ದಾರಿ
ಅತ್ತೆಯೂ ಅದೇ ಕೇಳುತ್ತಿದ್ದಾರೆ, ಅಡಿಕೆ ಸಿಪ್ಪೆ ಸುಮ್ನೆ ಬಿದ್ದಿದೆ ಅಂತ. ಸದ್ಯಕ್ಕೆ ತೀರ್ಥಹಳ್ಳಿ ಪೇಟೆಯಿಂದ ಮಲ್ ತರಿಸಿದ್ದೇನೆ, ನೀರು ಹನಿ ಇನ್ನೂ ಉರುಳುತ್ತಿದೆ, ಒಗೀತಾ ಇದ್ದೀನಿ. ಬರೀ ಸ್ಪಿನ್ನರ್ ಮಾತ್ರ ಬೇಕು, ಮಷಿನ್ ಬೇಡ. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಸೆಮಿ ಆಟೋಮ್ಯಾಟಿಕ್ ಸಿಗುವ ಕಡೆ ಯಾರಿಗಾದರೂ ಗೊತ್ತಾ? ಒಗೆಯುವ ಡಬ್ಬ ಕೆಟ್ಟಿದ್ದರೂ ಪರವಾಗಿಲ್ಲ.